ಲೇಬಲ್ ಇಲ್ಲದ ನಲವತ್ತಮೂರು ಗಿಡಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ನಿವೃತ್ತಿಯ ನಂತರ ಸ್ವಂತ ಉದ್ಯೋಗ" ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನಾನು ಇನ್ನೂ ನಿವೃತ್ತನಾಗಿಲ್ಲ. ಊರಿನ ಸೊಸೈಟಿಯಲ್ಲಿ ಲೆಕ್ಕ ಬರೆದುಕೊಂಡು ಇರುವವನು. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ಅದಕ್ಕೆ ಒಂದು ಕಥೆ ಹೇಳುತ್ತೇನೆ. ನಮ್ಮ ವಿಜ್ಞಾನದ ಮೇಷ್ಟ್ರ ಕಥೆ. "ನನ್ನ ಹೆಸರು ಹೇಳಿದರೆ ಎದ್ದು ಹೋಗ್ತೇನೆ" ಅಂತ ಅವರು ಮೊದಲೇ ಷರತ್ತು ಹಾಕಿದ್ದಾರೆ. ಆದ್ದರಿಂದ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಯಾರು ಅಂತ ನಿಮಗೆಲ್ಲ ಗೊತ್ತೇ ಇದೆ.

ಮೇಷ್ಟ್ರು ನಿವೃತ್ತರಾದಾಗ ಬಂದ ಹಣದಲ್ಲಿ ಹೆಚ್ಚಿನ ಪಾಲು ಮಗಳ ಮದುವೆಗೂ ಮನೆಯ ಹೆಂಚು ತೆಗೆದು ಮಾಡು ಸರಿಮಾಡುವುದಕ್ಕೂ ಹೋಯಿತು. ಉಳಿದದ್ದರಲ್ಲಿ 1 ಲಕ್ಷ ರೂಪಾಯಿಯನ್ನು ನಮ್ಮ ಸೊಸೈಟಿಯಲ್ಲಿ ಬೇರೆ ಖಾತೆ ತೆಗೆದು ಇಟ್ಟರು. ಅಮ್ಮನವರೂ ಜೊತೆಗೆ ಬಂದಿದ್ದರು. ಪಾಸ್‌ಬುಕ್ ಕೈಗೆ ಬಂದ ಮೇಲೆ ನನ್ನ ಎದುರಿಗೇ ಹೇಳಿದರು: "ನೋಡ್ರೀ, ನಿಮ್ಮ ಪ್ರಯೋಗಕ್ಕೆಲ್ಲ ಇಷ್ಟೇ ದುಡ್ಡು. ಇದು ಮುಗಿದ ದಿನ ಪ್ರಯೋಗವೂ ಮುಗೀತು. ಪಿಂಚಣಿಗೆ ಕೈ ಹಾಕುವ ಹಾಗಿಲ್ಲ." ಮೇಷ್ಟ್ರು ತರಗತಿಯಲ್ಲಿ ತಪ್ಪಿ ಸಿಕ್ಕ ಹುಡುಗನ ಹಾಗೆ ತಲೆಯಾಡಿಸಿದರು. ಆ ಖಾತೆಯ ಪುಟವೇ ಈ ಕಥೆಯ ಪುಟ.

ಮೊದಲು ಮನೆಪಾಠ ಮಾಡಿದರು. ಅದರಲ್ಲಿ ಖರ್ಚೂ ಇಲ್ಲ, ಜಮಾವೂ ಇಲ್ಲ. ಯಾಕೆಂದರೆ ಮೇಷ್ಟ್ರಿಗೆ ಫೀಸು ಕೇಳುವುದಕ್ಕೆ ಬಾಯಿ ಬರಲಿಲ್ಲ, ಇವರಿಗೆ ಫೀಸು ಕೊಟ್ಟರೆ ಬೇಜಾರು ಮಾಡಿಕೊಂಡಾರು ಅಂತ ಪೋಷಕರು ಕೊಡಲಿಲ್ಲ. ಮಕ್ಕಳು ಪಾಸಾದರು. ಮನೆಗೆ ಬಾಳೆಗೊನೆ, ಸೌತೆಕಾಯಿ ಬಂದವು. ಅದನ್ನು ಉದ್ಯೋಗ ಎನ್ನಲಾಗದು.

ಎರಡನೆಯದು ಚಿಪ್ಪು ಅಣಬೆ. ತರಬೇತಿಗೆ ಹೋಗಿ ಕ್ರಮವಾಗಿ ಕಲಿತು ಬಂದರು. ಭತ್ತದ ಹುಲ್ಲನ್ನು ಎರಡು ಅಂಗುಲದಷ್ಟು ಕತ್ತರಿಸಿ, ರಾತ್ರಿ ನೆನೆಸಿ, ಬೆಳಿಗ್ಗೆ ಹಂಡೆಯಲ್ಲಿ ಕುದಿಸಿ, ನೀರು ಬಸಿದು ಆರಿಸಬೇಕು. ಹಿಂಡಿದರೆ ಕೈ ಒದ್ದೆಯಾಗಬೇಕು, ಹನಿ ಬೀಳಬಾರದು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ ಹಾಕುತ್ತಾ ತುಂಬಿ, ಕತ್ತಲೆ ಕೋಣೆಯಲ್ಲಿ ಎರಡು ಮೂರು ವಾರ ಬಿಡಬೇಕು. ಚೀಲದೊಳಗೆ ಹತ್ತಿಯ ಹಾಗೆ ಬಿಳಿ ಹರಡಿದರೆ ಸರಿ, ಹಸಿರು ಮಚ್ಚೆ ಕಂಡರೆ ಬೂಷ್ಟು ಹಿಡಿಯಿತು, ಆ ಚೀಲವನ್ನು ದೂರ ಒಯ್ದು ಹೂಳಬೇಕು. ಮೇಷ್ಟ್ರ 60 ಚೀಲಗಳಲ್ಲಿ ಹಸಿರು ಹಿಡಿದದ್ದು ಏಳೇ. ಬೆಳೆ ಚೆನ್ನಾಗಿಯೇ ಬಂತು.

ತೊಂದರೆ ಬೆಳೆಯಲ್ಲಿ ಇರಲಿಲ್ಲ, ಗಡಿಯಾರದಲ್ಲಿತ್ತು. ಚೀಲಗಳನ್ನು ಒಟ್ಟಿಗೆ ತುಂಬಿದ್ದರಿಂದ ಅಣಬೆಯೂ ಒಟ್ಟಿಗೇ ಅರಳಿತು. ಒಂದು ದಿನ ಎಂಟು ಕೆ.ಜಿ., ಮರುದಿನ ಆರು, ಆಮೇಲೆ ವಾರಗಟ್ಟಲೆ ಏನೂ ಇಲ್ಲ. ಕೊಯ್ದ ಅಣಬೆ ನಮ್ಮ ಮಳೆಗಾಲದ ತೇವದಲ್ಲಿ ಮರುದಿನಕ್ಕೇ ಬಾಡಿ ಬಣ್ಣ ಕೆಡುತ್ತದೆ. ಕೊಳ್ಳುವ ಹೋಟೆಲಿನವರು ಇರುವುದು ಪೇಟೆಯಲ್ಲಿ, ಪೇಟೆಗೆ ಬಸ್ಸು ದಿನಕ್ಕೆ ಎರಡು. ಊರಿನಲ್ಲಿ ಅರ್ಧ ಮನೆಯವರು ಅಣಬೆ ತಿನ್ನುವವರಲ್ಲ, ತಿನ್ನುವವರಿಗೆ ಅದೇ ಮಳೆಯಲ್ಲಿ ಕಾಡಣಬೆ ಬಿಟ್ಟಿಯಾಗಿ ಸಿಗುತ್ತದೆ. ಖಾತೆಯಲ್ಲಿ 11 ಸಾವಿರ ಕಡಿಮೆಯಾಯಿತು. ಆಮೇಲೆ ಎರಡು ತುಡುವೆ ಜೇನಿನ ಪೆಟ್ಟಿಗೆ ತಂದರು. ಮಳೆಗಾಲದಲ್ಲಿ ಹೂವಿರುವುದಿಲ್ಲ, ಸಕ್ಕರೆ ಪಾಕ ಇಡುತ್ತಿದ್ದರು. ಆದರೂ ಒಂದು ಬೆಳಿಗ್ಗೆ ಎರಡೂ ಕುಟುಂಬಗಳು ಪೆಟ್ಟಿಗೆ ಬಿಟ್ಟು ಹಾರಿಹೋದವು. 4 ಸಾವಿರ.

ನಾಲ್ಕನೆಯದು ಅಡಿಕೆ ಹಾಳೆಯ ತಟ್ಟೆ. ಊರು ತುಂಬ ಅಡಿಕೆ ತೋಟ, ಹಾಳೆ ಬಿದ್ದು ಕೊಳೆಯುತ್ತದೆ, ಇದಕ್ಕಿಂತ ಒಳ್ಳೆಯದು ಯಾವುದು ಅಂತ ನಮಗೆಲ್ಲ ಅನಿಸಿತು. ಹಳೆಯ ಯಂತ್ರ 48 ಸಾವಿರಕ್ಕೆ ಸಿಕ್ಕಿತು. ಕೆಲಸ ಸುಲಭ: ಒಣಹಾಳೆಯನ್ನು ತೊಳೆದು ನೆನೆಸಿ ಮೆದು ಮಾಡಿ, ಕಾದ ಅಚ್ಚಿನ ನಡುವೆ ಇಟ್ಟು ಒತ್ತಿದರೆ ತಟ್ಟೆ. ಆದರೆ ಯಂತ್ರಕ್ಕೆ ಹಾಕಿದ ದುಡ್ಡು ಹುಟ್ಟಬೇಕಾದರೆ ಅದು ವರ್ಷವಿಡೀ ದಿನವೂ ಓಡಬೇಕು. ಹಾಳೆ ಬೀಳುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಮಳೆ ಬರುವ ಮೊದಲೇ ವರ್ಷದ ಹಾಳೆಯನ್ನೆಲ್ಲ ಕೊಂಡು, ಒಣಗಿಸಿ, ತೇವ ತಾಗದ ಕಡೆ ಪೇರಿಸಬೇಕು. ಅಂದರೆ ಬೇಕಾದದ್ದು ತಟ್ಟೆ ಒತ್ತುವ ಕೌಶಲವಲ್ಲ, ಒಂದು ದೊಡ್ಡ ಗೋದಾಮು, ಅದನ್ನು ತುಂಬುವ ದುಡ್ಡು. ಮೇಷ್ಟ್ರ ಕೊಟ್ಟಿಗೆಯಲ್ಲಿ ಪೇರಿಸಿದ ಹಾಳೆಗೆ ಜುಲೈಯಲ್ಲಿ ಕಪ್ಪು ಚುಕ್ಕೆ ಬಂತು. ಚುಕ್ಕೆ ಇರುವ ತಟ್ಟೆಯನ್ನು ವ್ಯಾಪಾರಿ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಯಂತ್ರವನ್ನು 30 ಸಾವಿರಕ್ಕೆ ಮಾರಿ, ಎಲ್ಲ ಕೂಡಿ ಕಳೆದಾಗ 15 ಸಾವಿರ ನಷ್ಟ. ಖಾತೆಯಲ್ಲಿ ಉಳಿದದ್ದು 70 ಸಾವಿರ.

ಆ ದಿನ ಸೊಸೈಟಿಯ ಬೆಂಚಿನ ಮೇಲೆ ಕೂತು ಮೇಷ್ಟ್ರು ಒಂದು ಮಾತು ಹೇಳಿದರು. "ನೋಡೋ, ಈ ಮೂರು ಕೆಲಸವನ್ನೂ ಯಾರು ಮಾಡಿದರೂ ಒಂದೇ. ನನ್ನ ಅಣಬೆಗೂ ಬೇರೆಯವರ ಅಣಬೆಗೂ ವ್ಯತ್ಯಾಸ ಇಲ್ಲ, ನನ್ನ ತಟ್ಟೆಗೂ ಇಲ್ಲ. ಅಲ್ಲಿ ಗೆಲ್ಲೋನು ಪೇಟೆಗೆ ಹತ್ತಿರ ಇರೋನು, ಇಲ್ಲಾ ದುಡ್ಡು ಇರೋನು. ನಾನು ಎರಡೂ ಅಲ್ಲ. ನನ್ನ ಹತ್ತಿರ ಏನಿದೆ ಅಂತ ಮೊದಲು ನೋಡ್ಕೋಬೇಕು."

ಅವರ ಹತ್ತಿರ ಏನಿದೆ ಎಂಬುದು ಗೊತ್ತಾದದ್ದು ಉಪ್ಪಿನಕಾಯಿ ಭರಣಿಯಿಂದ. ಅಮ್ಮನವರ ಅಪ್ಪೆಮಿಡಿ ಉಪ್ಪಿನಕಾಯಿ ತಿಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದು ಯಾವ ಮರದ್ದು ಅಕ್ಕಾ?" ಅದು ಹೊಳೆ ಬದಿಯ ಒಂದು ಹಳೆಯ ಮರದ್ದು. ಮುರಿದರೆ ಜೀರಿಗೆಯ ಪರಿಮಳ, ಸೊನೆ ಜಾಸ್ತಿ, ಎರಡು ವರ್ಷದ ಭರಣಿಯಲ್ಲೂ ಮಿಡಿ ಗಟ್ಟಿಯಾಗಿ ಇರುತ್ತಿತ್ತು. ಆದರೆ ಮರ ಮುದಿಯಾಗಿತ್ತು, ಮಿಡಿ ಕೊಯ್ಯುವವರು ಹತ್ತುವುದಕ್ಕೆ ಆಗದೆ ಕೊಂಬೆಯನ್ನೇ ಕಡಿದು ಕೆಡವುತ್ತಿದ್ದರು. ಬುಡದ ಮಣ್ಣನ್ನು ಹೊಳೆ ವರ್ಷ ವರ್ಷ ತಿನ್ನುತ್ತಿತ್ತು.

ಅಪ್ಪೆಯ ಓಟೆ ನೆಟ್ಟರೆ ತಾಯಿಯ ಗುಣವೇ ಬರುತ್ತದೆ ಎಂಬ ಭರವಸೆ ಇಲ್ಲ. ಜೀರಿಗೆ ಪರಿಮಳದ ಮರದ ಓಟೆಯಿಂದ ಬರೀ ಹುಳಿಯ ಮರ ಹುಟ್ಟಬಹುದು. ಅದೇ ಗುಣ ಬೇಕೆಂದರೆ ಕಸಿಯೇ ದಾರಿ. ಒಂಬತ್ತನೇ ತರಗತಿಯಲ್ಲಿ ದಾಸವಾಳದ ಟೊಂಗೆ ಹಿಡಿದು ಕಸಿ ಕಲಿಸಿದ್ದು ಇವರೇ ಅಲ್ಲವೇ? ಅಮ್ಮನವರೇ ಹೇಳಿದರು: "ಅಷ್ಟು ವರ್ಷ ಹುಡುಗರ ಕೈಲಿ ಮಾಡಿಸಿದ್ರಿ. ಈಗ ನೀವೇ ಮಾಡಿ."

ಮಾಡಿದ ಕ್ರಮ ಹೇಳುತ್ತೇನೆ, ಬೇಕಾದವರು ಮನೆಯಲ್ಲಿ ಮಾಡಿ ನೋಡಬಹುದು. ಜೂನ್‌ನಲ್ಲಿ ಕಾಟುಮಾವಿನ ಹೊಸ ಓಟೆ 300 ತಂದು ನೀರಿಗೆ ಹಾಕಿದರು. ತೇಲಿದ 40ನ್ನು ಬಿಟ್ಟು ಮುಳುಗಿದವನ್ನು ಕೂಡಲೇ ಚೀಲದ ಮಣ್ಣಿಗೆ ಹಾಕಿದರು. ಮಾವಿನ ಓಟೆ ಒಣಗಿಸಿ ಇಟ್ಟರೆ ಕೆಲವೇ ವಾರದಲ್ಲಿ ಜೀವ ಕಳೆದುಕೊಳ್ಳುತ್ತದೆ. ಮುಂದಿನ ಮಳೆಗಾಲಕ್ಕೆ ಕಸಿಗೆ ತಕ್ಕಷ್ಟು ದಪ್ಪವಾದ ಗಿಡ 180 ಸಿಕ್ಕವು. ಸುಮ್ಮನೆ ಒಂದು ವರ್ಷ ಕಾದರು. ಅಣಬೆಯಲ್ಲಿ ಒಂದು ದಿನ ಕಾಯಲಾಗದ ಕಷ್ಟ, ಇಲ್ಲಿ ಒಂದು ವರ್ಷ ಕಾಯುವ ಕಷ್ಟ. ಶಾಲೆಯ ವರ್ಷಕ್ಕೆ ಒಗ್ಗಿದವರಿಗೆ ಈ ಎರಡನೆಯದು ಕಷ್ಟ ಅನಿಸುವುದಿಲ್ಲ. ಜೂನ್‌ನಲ್ಲಿ ದಾಖಲಾತಿ, ಮಾರ್ಚಿಯಲ್ಲಿ ಪರೀಕ್ಷೆ.

ಕಸಿಕಡ್ಡಿ ಆರಿಸುವುದರಲ್ಲೇ ಅರ್ಧ ಕೆಲಸ. ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ತುದಿಟೊಂಗೆ ಬೇಕು. ಕಡಿಯುವ ಎಂಟು ಹತ್ತು ದಿನ ಮೊದಲು ಮರದಲ್ಲೇ ಅದರ ಎಲೆಗಳನ್ನು ಕತ್ತರಿಸಿ, ತೊಟ್ಟು ಮಾತ್ರ ಬಿಡಬೇಕು. ಆಮೇಲೆ ತೊಟ್ಟನ್ನು ಬೆರಳಿನಿಂದ ಮುಟ್ಟಿದರೆ ತಾನಾಗಿ ಉದುರಬೇಕು, ತುದಿಯ ಮೊಗ್ಗು ಉಬ್ಬಿರಬೇಕು. ಆಗ ಕಡ್ಡಿ ತಯಾರು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯಲ್ಲಿಟ್ಟು ತಂದು, ಆದಷ್ಟು ಬೇಗ ಕಟ್ಟಬೇಕು.

ಬುಡದ ಗಿಡದ ಎಳೆಯ ಭಾಗವನ್ನು ಅಡ್ಡ ಕತ್ತರಿಸಿ, ನಡುವೆ ಒಂದೂವರೆ ಅಂಗುಲದಷ್ಟು ಸೀಳುತ್ತಾರೆ. ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಕಡೆ ಬೆಣೆಯ ಹಾಗೆ ಕೆತ್ತಿ ಸೀಳಿಗೆ ಇಳಿಸುತ್ತಾರೆ. ಸಿಪ್ಪೆಗೆ ಸಿಪ್ಪೆ ಕನಿಷ್ಠ ಒಂದು ಬದಿಯಲ್ಲಾದರೂ ಸರಿಯಾಗಿ ಕೂಡಬೇಕು, ಬೆಸೆಯುವುದು ಅಲ್ಲೇ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಕಡ್ಡಿಯ ಮೇಲೆ ಐಸ್ ಕ್ಯಾಂಡಿಯ ಉದ್ದ ಕವರನ್ನು ಟೋಪಿಯ ಹಾಗೆ ಹಾಕಿ ಕಟ್ಟುತ್ತಾರೆ. ಮೂರು ವಾರದೊಳಗೆ ಚಿಗುರು ಬಂದರೆ ಟೋಪಿ ತೆಗೆಯುತ್ತಾರೆ.

ಮೊದಲ ವರ್ಷ ಕಟ್ಟಿದ 180ರಲ್ಲಿ 118 ಚಿಗುರಿದವು. ನಾನು ಹೋಗಿದ್ದೆ, ನೋಡಿ ಖುಷಿಯಾಯಿತು. "ಸರ್, ಮೂರರಲ್ಲಿ ಎರಡು ಪಾಸು" ಅಂದೆ. ಮೇಷ್ಟ್ರು ನಗಲಿಲ್ಲ. "ಇದು ಕಿರುಪರೀಕ್ಷೆ ಕಣೋ. ಕಡ್ಡಿ ತನ್ನೊಳಗೆ ಇಟ್ಟುಕೊಂಡ ಆಹಾರದಿಂದಲೇ ಚಿಗುರುತ್ತೆ. ಕೆಳಗೆ ಬೆಸೆದಿದೆಯೋ ಇಲ್ಲವೋ ಆಮೇಲೆ ಗೊತ್ತಾಗೋದು" ಅಂದರು. ಹಾಗೇ ಆಯಿತು. ತಿಂಗಳು ಕಳೆಯುವುದರೊಳಗೆ ಒಂದೊಂದೇ ಚಿಗುರು ಜೋತುಬಿದ್ದು ಒಣಗಿತು. ಮೂರು ತಿಂಗಳಿಗೆ ನಿಂತದ್ದು 74. ಅಂಥದ್ದಕ್ಕೆ ಮೇಷ್ಟ್ರು "ಸುಳ್ಳು ಚಿಗುರು" ಅಂತ ಹೆಸರಿಟ್ಟಿದ್ದಾರೆ. ಚಿಗುರಿದ ಮೂರೇ ವಾರಕ್ಕೆ ಗಿಡ ಮಾರುವವರ ಹತ್ತಿರ ಕೊಂಡದ್ದು ಮನೆಗೆ ತಂದ ಮೇಲೆ ಸಾಯುವುದು ಇದರಿಂದಲೇ. ಎರಡನೇ ಸಲದ ಚಿಗುರು ಬಂದು ಎಲೆ ಬಲಿತ ಗಿಡವನ್ನೇ ಕೊಳ್ಳಬೇಕು.

ಮೇಷ್ಟ್ರು ಹಾಜರಿ ಪುಸ್ತಕದಂಥ ರಿಜಿಸ್ಟರಿನಲ್ಲಿ ಪ್ರತಿ ಗಿಡಕ್ಕೂ ಸಂಖ್ಯೆ ಕೊಟ್ಟು, ಕಟ್ಟಿದ ದಿನ, ಕಡ್ಡಿ ಯಾವ ಮರದ್ದು, ಏನಾಯಿತು ಎಂದು ಬರೆದಿದ್ದರು. ಅದನ್ನು ಹರಡಿ ನೋಡಿದಾಗ ಸತ್ತವುಗಳಲ್ಲಿ ಹೆಚ್ಚಿನವು ಜುಲೈಯ ಜಡಿಮಳೆಯಲ್ಲಿ ಕಟ್ಟಿದವು. ಗಂಟಿಗೆ ನೀರು ಇಳಿದು ಕಡ್ಡಿ ಕಪ್ಪಾಗಿತ್ತು. ಮರುವರ್ಷ ಮೇಲೆ ಪ್ಲಾಸ್ಟಿಕ್ ಮಾಡು ಹಾಕಿ, ಮಳೆ ಸ್ವಲ್ಪ ಹಿಡಿತಕ್ಕೆ ಬಂದ ಆಗಸ್ಟ್ ಕೊನೆಯಲ್ಲಿ ಕಟ್ಟಿದರು. 300ರಲ್ಲಿ 198 ನಿಂತವು.

ಲೆಕ್ಕದವನು ನಾನು, ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು. ಚೀಲ, ಮಣ್ಣು, ಗೊಬ್ಬರ, ಕೂಲಿ ಸೇರಿ ಕಟ್ಟುವ ಒಂದೊಂದು ಗಿಡಕ್ಕೆ 22 ರೂಪಾಯಿ ಬೀಳುತ್ತಿತ್ತು. ಸತ್ತ ಗಿಡದ ಖರ್ಚನ್ನು ಬದುಕಿದ ಗಿಡವೇ ಹೊರಬೇಕು. ಮೊದಲ ವರ್ಷ ಬದುಕಿದ ಒಂದು ಗಿಡಕ್ಕೆ ಸುಮಾರು 53 ರೂಪಾಯಿ ಬಿತ್ತು, ಎರಡನೇ ವರ್ಷ 33. ಮಾರಿದ್ದು 90ಕ್ಕೆ. ಎರಡನೇ ವರ್ಷ 18 ಗಿಡಗಳನ್ನು ಕಡ್ಡಿ ಕೊಟ್ಟ ಮರದ ಮನೆಯವರಿಗೆ ಉಚಿತವಾಗಿ ಕೊಟ್ಟು, 180 ಮಾರಿ 16,200 ಬಂತು, ಖರ್ಚು 6,600 ಕಳೆದು 9,600 ಉಳಿಯಿತು. ಆ ವರ್ಷ ಖಾತೆಯಲ್ಲಿ ಜಮಾ ಖರ್ಚಿಗಿಂತ ಹೆಚ್ಚಾಯಿತು. ದೊಡ್ಡ ಮೊತ್ತವಲ್ಲ. ಪಿಂಚಣಿ ಇಲ್ಲದವರು ಇದನ್ನು ನಂಬಿ ಸಂಸಾರ ನಡೆಸಲಾಗದು ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನು ನಲವತ್ತಮೂರು ಗಿಡದ ವಿಷಯ. ಮೂರನೇ ವರ್ಷ ಅಕ್ಟೋಬರಿನಲ್ಲಿ ಮಂಗಗಳ ಹಿಂಡು ನರ್ಸರಿಗೆ ನುಗ್ಗಿತು. ಗಿಡ ಮುರಿದದ್ದು ಕಡಿಮೆ. ಆದರೆ ಕೆಂಪು ಪ್ಲಾಸ್ಟಿಕ್ ಲೇಬಲ್ಲುಗಳನ್ನು ಹಣ್ಣು ಅಂದುಕೊಂಡವೋ ಏನೋ, ಕಿತ್ತು ಕಚ್ಚಿ ಎಸೆದು, ಚೀಲಗಳನ್ನು ಉರುಳಿಸಿ ಸಾಲು ಕಲಸಿಬಿಟ್ಟವು. 43 ಗಿಡಗಳು ಯಾವ ಮರದವು ಅಂತ ಗೊತ್ತಾಗದೆ ಹೋಯಿತು. ಹೊಳೆ ಬದಿಯ ಮರದವೂ ಇದ್ದವು, ಇನ್ನೆರಡು ಸಾಧಾರಣ ಮರದವೂ ಇದ್ದವು.

ಅದೇ ವಾರ ಪಕ್ಕದ ಊರಿನ ಹೆಗಡೆಯವರೊಬ್ಬರು ಹೊಳೆ ಬದಿಯ ಮರದ 50 ಗಿಡ ಕೇಳಿಕೊಂಡು ಬಂದರು. ಲೇಬಲ್ ಇದ್ದದ್ದು 31 ಮಾತ್ರ. ಹೆಗಡೆಯವರು ಆ ಗುಂಪನ್ನು ನೋಡಿ, "ಅದರಲ್ಲೇ ಹತ್ತೊಂಬತ್ತು ಕೊಡಿ ಮೇಷ್ಟ್ರೇ, ಎಲ್ಲ ಅಪ್ಪೆನೇ ಅಲ್ವಾ" ಅಂದರು. ನಾನೂ ಅಲ್ಲಿದ್ದೆ. "ಎಲೆ ಹಿಸುಕಿ ವಾಸನೆ ನೋಡಿದರೆ ಗೊತ್ತಾಗೋಲ್ವಾ ಸರ್?" ಅಂತ ಕೇಳಿದೆ.

"ಹತ್ತರಲ್ಲಿ ಎಂಟು ಸರಿಯಾಗಿ ಹೇಳಬಹುದು" ಅಂದರು ಮೇಷ್ಟ್ರು. "ಉಳಿದ ಎರಡು? ಈ ಗಿಡ ಮಿಡಿ ಬಿಡೋದು ನಾಲ್ಕು ಐದು ವರ್ಷಕ್ಕೆ. ಅಲ್ಲಿವರೆಗೆ ಇವರು ನೀರು ಹಾಕಬೇಕು, ಬೇಲಿ ಕಟ್ಟಬೇಕು. ಆಮೇಲೆ ಮಿಡಿ ಮುರಿದು ನೋಡಿ ಜೀರಿಗೆ ವಾಸನೆ ಇಲ್ಲ ಅಂದರೆ ನಾನು ದುಡ್ಡು ವಾಪಸ್ ಕೊಡಬಹುದು, ಐದು ವರ್ಷ ಎಲ್ಲಿಂದ ಕೊಡಲಿ? ಹೆಗಡೇರೇ, ನಿಮಗೆ ಮೂವತ್ತೊಂದು ಗಿಡ. ಉಳಿದದ್ದು ಮುಂದಿನ ವರ್ಷ."

ಆ 43 ಗಿಡದ ಬೆಲೆ 3,870 ರೂಪಾಯಿ. ಹೆಗಡೆಯವರು 31 ಗಿಡ ತೆಗೆದುಕೊಂಡು ಹೋದರು. ಮುಂದಿನ ವರ್ಷ ತಾವೂ ಬಂದರು, ತಮ್ಮ ಕಡೆಯ ನಾಲ್ಕು ಮನೆಯವರನ್ನೂ ಕರೆತಂದರು. ಮೇಷ್ಟ್ರ ಹತ್ತಿರ ಇದ್ದದ್ದು ಏನು ಅಂತ ನನಗೆ ಅರ್ಥವಾದದ್ದು ಆಗ. ಕಸಿ ಗಿಡ ನೋಡುವುದಕ್ಕೆ ಎಲ್ಲವೂ ಒಂದೇ. ಒಳ್ಳೆಯದೋ ಕೆಟ್ಟದ್ದೋ ಕಣ್ಣಿಗೆ ಕಾಣುವುದಿಲ್ಲ. ಕೊಳ್ಳುವವನು ಗಿಡ ಕೊಳ್ಳುವುದಲ್ಲ, ಕೊಡುವವನ ಮಾತನ್ನು ಕೊಳ್ಳುತ್ತಾನೆ. ಊರಿನಲ್ಲಿ ಎರಡು ತಲೆಮಾರಿಗೆ ಅಂಕ ಹಾಕಿ, ಒಂದು ಅಂಕವನ್ನೂ ಸುಮ್ಮನೆ ಕೊಡದ ಮನುಷ್ಯನ ಮಾತಿಗೆ ಅಣಬೆಯ ಪೇಟೆಯಲ್ಲಿ ಬೆಲೆ ಇರಲಿಲ್ಲ, ತಟ್ಟೆಯ ಪೇಟೆಯಲ್ಲೂ ಇರಲಿಲ್ಲ. ಇಲ್ಲಿ ಬಂಡವಾಳ ಅದೇ.

ಆ ಗಿಡಗಳನ್ನು ಮೇಷ್ಟ್ರು ಎಸೆಯಲಿಲ್ಲ. ಮುಂದಿನ ಮಳೆಗಾಲದಲ್ಲಿ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ನಮ್ಮ ಶಾಲೆಯ ಆಟದ ಮೈದಾನದ ಹಿಂದಿನ ದರೆಯ ಮೇಲೆ ಮಕ್ಕಳಿಂದ ನೆಡಿಸಿದರು. ಏಳು ಗಿಡ ದನದ ಬಾಯಿಗೆ ಹೋದವು. ಉಳಿದ 36 ಬೆಳೆದವು. ಐದನೇ ವರ್ಷ ಮಿಡಿ ಬಿಟ್ಟಾಗ ಮೇಷ್ಟ್ರು, ಅಮ್ಮನವರು, ಹತ್ತನೇ ತರಗತಿಯ ಮಕ್ಕಳು ಒಂದೊಂದು ಮರದ ಮಿಡಿ ಮುರಿದು ಮೂಸಿ, ಬೇರೆ ಬೇರೆ ಬಾಟಲಿಯಲ್ಲಿ ಉಪ್ಪಿಗೆ ಹಾಕಿಟ್ಟರು. ಒಂದು ವರ್ಷ ಕಳೆದು ತೆಗೆದು ನೋಡಿ, ಗಟ್ಟಿಯಿದೆಯೋ ಮೆತ್ತಗಾಯಿತೋ ಎಂದು ಬರೆದರು. 25 ಮರ ಹೊಳೆ ಬದಿಯದ್ದು ಅಂತ ಖಚಿತವಾಯಿತು, 11 ಅಲ್ಲ. ಈಗ ಅವುಗಳ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿದೆ. ಮಂಗ ಕೀಳಲಾರದು.

ಎರಡು ವರ್ಷದ ಹಿಂದಿನ ಮಳೆಯಲ್ಲಿ ಹೊಳೆ ಬದಿಯ ತಾಯಿಮರ ಬುಡಸಹಿತ ಉರುಳಿ ನೀರು ಪಾಲಾಯಿತು. ಮೇಷ್ಟ್ರು ಈಗ ಕಸಿಕಡ್ಡಿ ತೆಗೆಯುವುದು ನಮ್ಮ ಶಾಲೆಯ ದರೆಯ ಮೇಲಿನ ಆ 25 ಮರಗಳಿಂದ. ಗಿಡದ ಸಂಖ್ಯೆಯನ್ನು ವರ್ಷಕ್ಕೆ 800ಕ್ಕಿಂತ ಹೆಚ್ಚು ಮಾಡಿಲ್ಲ, ಅದಕ್ಕಿಂತ ಹೆಚ್ಚಾದರೆ ಪ್ರತಿ ಗಂಟನ್ನೂ ತಾವೇ ನೋಡಲಾಗುವುದಿಲ್ಲವಂತೆ. ಖಾತೆಯಲ್ಲಿ ಎಷ್ಟಿದೆ ಎಂಬುದನ್ನು ನಾನು ಹೇಳುವ ಹಾಗಿಲ್ಲ, ಸೊಸೈಟಿಯ ನಿಯಮ. ಅಮ್ಮನವರು ಈಗ ಪಾಸ್‌ಬುಕ್ ಕೇಳುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಕೊನೆಯದಾಗಿ ಮೇಷ್ಟ್ರು ಹೇಳಿ ಕಳಿಸಿದ ಒಂದು ಮಾತು. ನಿಮ್ಮ ನಿಮ್ಮ ತೋಟದಲ್ಲಿ, ಹಳ್ಳದ ಬದಿಯಲ್ಲಿ ಹಳೆಯ ಅಪ್ಪೆಮರ ಇದ್ದರೆ, ಅದರ ಮಿಡಿ ಭರಣಿಯಲ್ಲಿ ಎರಡು ವರ್ಷ ಗಟ್ಟಿ ನಿಂತಿದೆಯೇ ಅಂತ ಮೊದಲು ಮನೆಯ ಹೆಂಗಸರನ್ನು ಕೇಳಿ. ನಿಂತಿದ್ದರೆ ಆಗಸ್ಟ್ ಮೊದಲ ವಾರದಲ್ಲಿ ತಿಳಿಸಿ. ಎಲೆ ಕತ್ತರಿಸುವುದಕ್ಕೆ ಅವರೇ ಬರುತ್ತಾರೆ. ಕಡ್ಡಿ ಕೊಟ್ಟ ಮನೆಗೆ ಅದೇ ಮರದ ಎರಡು ಗಿಡ ಉಚಿತ, ಲೇಬಲ್ ಸಮೇತ.